ಕೈ ಕೊಟ್ಟ ಅನುವಾದ

ತಪಸ್ಸುಕಾಲದಲ್ಲಿ ಹಂಚಲಾದ ಕರಪತ್ರವೊಂದರಲ್ಲಿ ‘ಕಷ್ಟದಲ್ಲಿರುವ ನೆರೆಯವನಿಗೆ ಕೈ ಕೊಡೋಣ’ ಎಂಬ ಕರೆಯನ್ನು ಓದಿದೆ. ಬರೆದವರ ಮನಸ್ಸಿನಲ್ಲಿದ್ದುದು ‘ಗಿವ್ ಎ ಹ್ಯಾಂಡ್’ ಎಂಬ ಇಂಗ್ಲಿಷ್ ನುಡಿಗಟ್ಟು. ಅದರ ಅರ್ಥ ನೆರವಾಗುವುದು. ಆದರೆ ಕನ್ನಡದಲ್ಲಿ ಸಾಲ ಪಡೆದವನು ಕೈ ಕೊಡುತ್ತಾನೆ, ಬಿತ್ತನೆಯ ಹೊತ್ತಿಗೆ ಮಳೆ ಕೈ ಕೊಡುತ್ತದೆ. ನಂಬಿದವರನ್ನು ನಡುನೀರಿನಲ್ಲಿ ಬಿಡುವುದೇ ಕೈ ಕೊಡುವುದು. ಕರಪತ್ರದಲ್ಲಿ ಒಂದು ಪದವೂ ತಪ್ಪಿಲ್ಲ, ವ್ಯಾಕರಣವೂ ಸರಿಯಾಗಿದೆ. ಆದರೂ ವಾಕ್ಯವು ಹೇಳಬೇಕಾದುದಕ್ಕೆ ನೇರ ವಿರುದ್ಧವಾದುದನ್ನು ಹೇಳುತ್ತಿದೆ.

ನುಡಿಗಟ್ಟಿನ ಅರ್ಥ ಅದರ ಬಿಡಿ ಪದಗಳಲ್ಲಿ ಇರುವುದಿಲ್ಲ. ಆ ಪದಗಳು ಒಟ್ಟುಗೂಡಿ ಬಳಕೆಯಾದ ರೂಢಿಯಲ್ಲಿರುತ್ತದೆ. ಆದುದರಿಂದ ಅನುವಾದಕನು ಮೊದಲು ಚಿತ್ರವನ್ನು ಬದಿಗಿರಿಸಿ, ಅರ್ಥವನ್ನು ಸರಳವಾಗಿ ಬರೆದುಕೊಳ್ಳಬೇಕು: ‘ನೆರೆಯವನಿಗೆ ಸಹಾಯ ಮಾಡೋಣ’. ಆಮೇಲೆ ಅದೇ ಅರ್ಥಕ್ಕೆ ನಮ್ಮ ಜನ ಏನನ್ನುತ್ತಾರೆ ಎಂದು ಹುಡುಕಬೇಕು. ‘ಕೈ ಹಿಡಿಯೋಣ’ ಎನ್ನಬಹುದೇ? ಬಡವರ ಕೈ ಹಿಡಿಯುವುದು ಎಂದರೆ ಆಸರೆಯಾಗುವುದು. ಇಲ್ಲಿ ಅದು ಒಪ್ಪುತ್ತದೆ. ಆದರೆ ವರನು ವಧುವಿನ ಕೈ ಹಿಡಿಯುವುದೂ ಇದೇ ಮಾತಿನಲ್ಲಿ. ಆದುದರಿಂದ ಸಂದರ್ಭ ನೋಡಿ ‘ಹೆಗಲು ಕೊಡೋಣ’ ಅಥವಾ ‘ಕೈ ಜೋಡಿಸೋಣ’ ಎಂಬುದನ್ನು ಆರಿಸಬೇಕಾದೀತು. ಕೊನೆಯದಾಗಿ, ಇಂಗ್ಲಿಷ್ ಬಾರದ ಒಬ್ಬರಿಗೆ ಅದನ್ನು ಓದಿ ಹೇಳಿ, ‘ನಿಮಗೆ ಏನು ತಿಳಿಯಿತು?’ ಎಂದು ಕೇಳಬೇಕು. ‘ಸರಿಯಾಗಿದೆಯೇ?’ ಎಂದು ಕೇಳಿದರೆ ಎಲ್ಲರೂ ದಾಕ್ಷಿಣ್ಯಕ್ಕೆ ಹೌದೆನ್ನುತ್ತಾರೆ. ತಮ್ಮ ಮಾತಿನಲ್ಲಿ ಹೇಳಿಸಿದಾಗ ಮಾತ್ರ ತಪ್ಪು ಹೊರಬೀಳುತ್ತದೆ.

ಇಂಗ್ಲಿಷಿನ ನೆರಳಿನಲ್ಲಿ ಅನುವಾದಿಸುವಾಗ ಇನ್ನೊಂದು ನಷ್ಟವೂ ಉಂಟು. ಅದು ತಪ್ಪಿನಂತೆ ಕಾಣುವುದೇ ಇಲ್ಲ. ಲೂಕನ ಶುಭಸಂದೇಶದಲ್ಲಿ ಸಮಾರಿಯದವನು ಗಾಯಗೊಂಡವನನ್ನು ಕಂಡಾಗ, ತಂದೆಯು ದೂರದಲ್ಲಿಯೇ ದುಂದುಗಾರ ಮಗನನ್ನು ಕಂಡಾಗ ಬಳಕೆಯಾಗಿರುವ ಗ್ರೀಕ್ ಕ್ರಿಯಾಪದವು ‘ಸ್ಪ್ಲಾಂಖ್ನ’ ಎಂಬ ನಾಮಪದದಿಂದ ಹುಟ್ಟಿದ್ದು. ಅದರ ಅರ್ಥ ದೇಹದ ಒಳ ಅಂಗಗಳು, ಕರುಳುಗಳು. 1611ರ ಇಂಗ್ಲಿಷ್ ಬೈಬಲ್ ಪೌಲನ ಪತ್ರಗಳಲ್ಲಿ ಈ ನಾಮಪದವನ್ನು ಕರುಳೆಂದೇ ಅನುವಾದಿಸಿತು. ಆದರೆ ಇಂಗ್ಲಿಷಿನಲ್ಲಿ ಆ ಪದ ಕ್ರಮೇಣ ಬರೀ ಜೀರ್ಣಾಂಗದ ಹೆಸರಾಗಿ ಉಳಿದುದರಿಂದ, ಇಂದಿನ ಅನುವಾದಗಳು ಹೃದಯ, ಅನುಕಂಪ ಎಂಬ ಪದಗಳತ್ತ ತಿರುಗಿದವು. ಇಂಗ್ಲಿಷಿಗೆ ಅದು ಅನಿವಾರ್ಯ. ಅದನ್ನೇ ನೋಡಿಕೊಂಡು ಕನ್ನಡದ ಪ್ರಬೋಧಕನು ‘ಅವನ ಹೃದಯವು ಸ್ಪರ್ಶಿಸಲ್ಪಟ್ಟಿತು’ ಎನ್ನುವುದೇಕೆ? ನಮ್ಮ ತಾಯಂದಿರಿಗೆ ಇಂದಿಗೂ ಕರುಳು ಚುರುಕ್ ಎನ್ನುತ್ತದೆ, ಕರುಳು ಮಿಡಿಯುತ್ತದೆ. ಮಗು ಅವರ ಕರುಳ ಕುಡಿ. ಇಂಗ್ಲಿಷ್ ಕಳೆದುಕೊಂಡ ಮೂಲದ ಚಿತ್ರ ಕನ್ನಡದಲ್ಲಿ ಜೀವಂತವಾಗಿದೆ. ‘ಮಗನನ್ನು ಕಂಡು ತಂದೆಯ ಕರುಳು ಕಿತ್ತುಬಂತು’ ಎಂದರೆ ಅದು ಕೇವಲ ಸೊಗಸಾದ ಕನ್ನಡವಲ್ಲ, ಮೂಲಕ್ಕೆ ಹೆಚ್ಚು ನಿಷ್ಠವಾದ ಕನ್ನಡ.

ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ಇದೇ ಎಚ್ಚರ ಬೇಕು. ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎಂದು ಅಜ್ಜಿ ಹರಸಿದ್ದನ್ನು ಪದಕ್ಕೆ ಪದವಿಟ್ಟು ಹೇಳಿದರೆ, ಕೇಳಿದವರು ಅಜೀರ್ಣದ ಔಷಧವನ್ನು ನೆನೆಯುತ್ತಾರೆ. ಆ ಹರಕೆಯಲ್ಲಿ ಹಸಿವು ನೀಗಲಿ ಎಂಬುದಿದೆ, ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳು ಸುಖವಾಗಿರಲಿ ಎಂಬುದೂ ಇದೆ. ‘ದೇವರು ನಿನ್ನನ್ನೂ ನಿನ್ನ ಮಕ್ಕಳನ್ನೂ ಹರಸಲಿ’ ಎಂಬರ್ಥದ ಇಂಗ್ಲಿಷ್ ಮಾತು ಆಶಯವನ್ನು ಮುಟ್ಟಿಸುತ್ತದೆ. ತಂಪನ್ನು ಮಾತ್ರ ಇಲ್ಲಿಯೇ ಬಿಟ್ಟುಹೋಗುತ್ತದೆ. ಎಲ್ಲವನ್ನೂ ಹೊತ್ತೊಯ್ಯಲು ಹೊರಟವನು ಅರ್ಥವನ್ನೇ ಕಳೆದುಕೊಳ್ಳುತ್ತಾನೆ.

ಹಾಗೆಂದು ಎಲ್ಲೆಡೆಯೂ ಚಿತ್ರವನ್ನು ಬದಲಿಸುವುದು ಸಲ್ಲದು. ಪಿಲಾತನು ಜನರ ಮುಂದೆ ನೀರು ತೆಗೆದುಕೊಂಡು ಕೈ ತೊಳೆದುಕೊಂಡನೆಂದು ಮತ್ತಾಯನು ಬರೆಯುವಾಗ ಅದು ನುಡಿಗಟ್ಟಲ್ಲ, ನಡೆದ ಕ್ರಿಯೆ. ಅಲ್ಲಿ ‘ಜಾರಿಕೊಂಡನು’ ಎಂದು ಬರೆದರೆ ನೀರೂ ಕೈಯೂ ಮಾಯವಾಗುತ್ತವೆ. ಆದರೆ ಇಂದಿನ ಅಧಿಕಾರಿಯೊಬ್ಬ ಹೊಣೆಯಿಂದ ಕೈ ತೊಳೆದುಕೊಂಡ ಎಂದು ಇಂಗ್ಲಿಷ್ ಪತ್ರಿಕೆ ಬರೆದರೆ ‘ಜಾರಿಕೊಂಡ’ ಎನ್ನಲು ಅಡ್ಡಿಯಿಲ್ಲ. ‘ಹೊಣೆ’ ಎಂಬ ಪದ ಬಿಟ್ಟುಹೋದರಂತೂ ಎಚ್ಚರ ಬೇಕು, ಏಕೆಂದರೆ ಕನ್ನಡದಲ್ಲಿ ‘ಕೈ ತೊಳೆದುಕೊಂಡು ಬೆನ್ನು ಹತ್ತುವವರೂ’ ಇದ್ದಾರೆ!

ಆದುದರಿಂದ ಓದುಗರೇ, ಮುಂದಿನ ಬಾರಿ ಪ್ರಬೋಧನೆಯನ್ನೋ ಪ್ರಾರ್ಥನೆಯನ್ನೋ ಕನ್ನಡಿಸಲು ಕುಳಿತಾಗ ಪ್ರತಿ ಚಿತ್ರದೆದುರು ಒಂದು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಕೈ ನಿಜವಾಗಿಯೂ ಕೈಯೇ, ಅಥವಾ ಬೇರೇನೋ? ಆ ಉತ್ತರ ಸಿಗುವವರೆಗೆ ಲೇಖನಿ ಕಾಯಲಿ. ನಮ್ಮ ಮಾತನ್ನು ನಂಬಿ ದೇವಾಲಯಕ್ಕೆ ಬಂದು ಕುಳಿತವರಿಗೆ ನಾವು ಕೈ ಕೊಡಬಾರದು.