ಅಜ್ಜಿಯ ಕಣ್ಣಿನ ಮೇಲೆ ಐದು ಸಾಲು

ಪುಟದ ಅಂಚಿನಿಂದ ಅಂಚಿಗೆ ಚಿತ್ರ, ಅದರ ಮೇಲೆಯೇ ಕಥೆಯ ಸಾಲು. ಈಚಿನ ಕನ್ನಡ ಚಿತ್ರಪುಸ್ತಕಗಳ ಬಗ್ಗೆ ಬರೆಯುವವರು ಈ ವಿನ್ಯಾಸವನ್ನು ಮನಸಾರೆ ಹೊಗಳುತ್ತಾರೆ. ಚಿತ್ರವೂ ಮಾತೂ ಒಂದಾಗಿವೆ ಎನ್ನುತ್ತಾರೆ. ಚಿತ್ರದ ಕೆಳಗೆ ಬಿಳಿ ಪಟ್ಟಿ ಬಿಟ್ಟು ಅಲ್ಲಿ ಅಕ್ಷರ ಕೂರಿಸಿದ ಪುಸ್ತಕ ಅವರ ಕಣ್ಣಿಗೆ ಹಳೆಯ ಕಾಲದ್ದು, ಪಠ್ಯಪುಸ್ತಕದಂಥದ್ದು. ಈ ಹೊಗಳಿಕೆ ಅತಿಯಾಯಿತು ಎಂಬುದು ನನ್ನ ವಾದ. ಅನುವಾದವಾಗಿ ಬಂದ ಪುಸ್ತಕಗಳಲ್ಲಂತೂ ಎರಡೂ ಒಂದಾಗಿರುವುದು ಅಪರೂಪ. ಹೆಚ್ಚಿನ ಕಡೆ ಮಾತು ಚಿತ್ರವನ್ನು ತುಳಿದು ನಿಂತಿದೆ.

ಒಂದು ಪುಟ ತೆಗೆದುಕೊಳ್ಳೋಣ. ಪುಸ್ತಕದ ಹೆಸರು ಬೇಡ, ಇಂಥ ಪುಟಗಳು ಎಷ್ಟೋ ಇವೆ. ಜನವಾಡದ ಕಡೆಯ ಒಂದು ಶಾಲೆಯ ಓದುವ ಮೂಲೆಯಲ್ಲಿ ಇದ್ದ ಪ್ರತಿ ಅದು, ಇಂಗ್ಲಿಷಿನಿಂದ ಕನ್ನಡಕ್ಕೆ ಬಂದದ್ದು. ಬಲಪುಟದಲ್ಲಿ ಅಜ್ಜಿ ಮರದ ಕೆಳಗೆ ಕೂತು ಮೊರದಲ್ಲಿ ಕಾಳು ಹಸನು ಮಾಡುತ್ತಿದ್ದಾಳೆ. ಎದುರಿಗೆ ನಿಂತ ಹುಡುಗಿ ಕಳೆದುಹೋದ ಬೆಕ್ಕಿನ ಬಗ್ಗೆ ಕೇಳುತ್ತಿದ್ದಾಳೆ. ಬೆಕ್ಕು ಅಲ್ಲೇ ಇದೆ. ಅಜ್ಜಿಯ ಭುಜದ ಹಿಂದಿನ ಗೋಡೆಯ ಮೇಲೆ ಅದರ ಬಾಲ ಕಾಣುತ್ತದೆ. ಅಜ್ಜಿಯ ಕಣ್ಣು ಓರೆಯಾಗಿ ಆ ಕಡೆಗೇ ತಿರುಗಿದೆ. ಅಂದರೆ ಅಜ್ಜಿಗೆ ಗೊತ್ತು, ಹೇಳುತ್ತಿಲ್ಲ. ಇಡೀ ಪುಟದ ಕಥೆ ಆ ಕಣ್ಣಿನಲ್ಲಿದೆ. ಮಾತಿನಲ್ಲಿ ಅದು ಎಲ್ಲೂ ಇಲ್ಲ, ಇರಲೂಬಾರದು.

ಮೂಲದ ಚಿತ್ರಕಾರರು ಅಜ್ಜಿಯ ತಲೆಯ ಮೇಲೆ ಮೂರೂವರೆ ಸೆಂಟಿಮೀಟರ್ ಎತ್ತರದ ಖಾಲಿ ಆಕಾಶ ಬಿಟ್ಟಿದ್ದರು. ಇಂಗ್ಲಿಷಿನ ಮೂರು ಸಾಲು ಅಲ್ಲಿ ಆರಾಮಾಗಿ ಕೂರುತ್ತವೆ. ಹದಿನೆಂಟು ಪಾಯಿಂಟಿನ ಅಕ್ಷರಕ್ಕೆ ಸಾಲಿನಿಂದ ಸಾಲಿಗೆ 24 ಪಾಯಿಂಟ್ ಇಟ್ಟರೆ ಒಟ್ಟು 72 ಪಾಯಿಂಟ್, ಎರಡೂವರೆ ಸೆಂಟಿಮೀಟರ್. ಕನ್ನಡಕ್ಕೆ ಬಂದಾಗ ಲೆಕ್ಕ ಬದಲಾಯಿತು. ನಮ್ಮ ಲಿಪಿಯಲ್ಲಿ ಗುಡಿಸು, ಎತ್ವಗಳು ಅಕ್ಷರದ ತಲೆಯ ಮೇಲೆ ಏರುತ್ತವೆ, ಒತ್ತಕ್ಷರ ಕೆಳಗೆ ಇಳಿಯುತ್ತದೆ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಬಾರದೆಂದರೆ ಅದೇ ಗಾತ್ರದ ಅಕ್ಷರಕ್ಕೆ 30 ಪಾಯಿಂಟ್ ಅಂತರವಾದರೂ ಬೇಕು. ಅದರ ಮೇಲೆ ನಮ್ಮ ಪದಗಳು ಉದ್ದ. "ಕಾಣಿಸಿಕೊಳ್ಳಲಿಲ್ಲವಲ್ಲ" ಎಂಬುದು ಒಂದೇ ಪದ. ಕಿರಿದಾದ ಜಾಗದಲ್ಲಿ ಅದು ಸಾಲಿನ ಕೊನೆಗೆ ಹಿಡಿಯದೆ ಕೆಳಗೆ ಬೀಳುತ್ತದೆ, ಮೇಲಿನ ಸಾಲು ಅರ್ಧಕ್ಕೇ ನಿಲ್ಲುತ್ತದೆ. ಹೀಗೆ ಮೂರು ಸಾಲು ಐದಾದವು. ಐದು ಸಾಲಿಗೆ 150 ಪಾಯಿಂಟ್, ಐದು ಸೆಂಟಿಮೀಟರಿಗೂ ಮೇಲೆ. ಆಕಾಶ ಮುಗಿಯಿತು, ಸಾಲುಗಳು ಅಜ್ಜಿಯ ಹಣೆ ದಾಟಿ ಕಣ್ಣಿಗೆ ಇಳಿದವು. ನರೆಗೂದಲಿನ ಮೇಲೆ ಅಕ್ಷರ ಓದಿಸಿಕೊಳ್ಳಲಿಲ್ಲ. ಆಗ ಡಿಟಿಪಿಯವರು ಎಲ್ಲರೂ ಮಾಡುವುದನ್ನೇ ಮಾಡಿದರು: ಅಕ್ಷರದ ಹಿಂದೆ ಮಸುಕು ಬಿಳಿ ಪೆಟ್ಟಿಗೆ ಇಟ್ಟರು. ಅಜ್ಜಿಯ ಕಣ್ಣೂ ಬೆಕ್ಕಿನ ಬಾಲವೂ ಅದರ ಹಿಂದೆ ಹೋದವು.

"ಬೆಕ್ಕ ಎಲ್ಲದರೀ ಸರ್?" ಎಂದು ಮಕ್ಕಳು ಕೇಳಿದರು. ಮೇಷ್ಟ್ರು ಬೆರಳಿಟ್ಟು ತೋರಿಸಬೇಕಾಯಿತು. ಹುಡುಕುವ ಆಟ ಅಲ್ಲಿಗೆ ಮುಗಿಯಿತು.

ಇಂಥ ಪೆಟ್ಟಿಗೆಯನ್ನು ಸಮರ್ಥಿಸುವ ವಿಮರ್ಶಕರಿದ್ದಾರೆ. ಪೆಟ್ಟಿಗೆ ಪಾರದರ್ಶಕ, ಹಿಂದಿನ ಚಿತ್ರ ಹೇಗೂ ಕಾಣುತ್ತದೆ, ಓದಲು ಅನುಕೂಲವಾಗುವುದೇ ಮುಖ್ಯ ಎಂಬುದು ಅವರ ಮಾತು. ಮೇಜಿನ ಮೇಲೆ ಪುಸ್ತಕ ಇಟ್ಟುಕೊಂಡು ಒಬ್ಬರೇ ಓದುವ ವಿಮರ್ಶಕರಿಗೆ ಕಾಣಬಹುದು. ಮೇಷ್ಟ್ರು ಪುಸ್ತಕ ಎತ್ತಿ ಹಿಡಿದಾಗ ಎರಡು ಮೂರು ಮೀಟರ್ ದೂರದಲ್ಲಿ ಕೂತ ಮಗುವಿಗೆ ಕಾಣುವುದು ಬರೀ ಬಿಳಿ ಮಂಜು. ಔರಾದ್, ಭಾಲ್ಕಿ ಕಡೆಯ ತರಗತಿಗೆ ಬಂದರೆ ಇದರ ತೂಕ ಇನ್ನೂ ಹೆಚ್ಚು. ಇಲ್ಲಿ ಎಷ್ಟೋ ಮಕ್ಕಳ ಮನೆಮಾತು ಮರಾಠಿ, ಉರ್ದು, ತೆಲುಗು ಅಥವಾ ಲಂಬಾಣಿ. ಕನ್ನಡದ ಸಾಲು ಅರ್ಧ ತಿಳಿದಾಗ ಉಳಿದರ್ಧವನ್ನು ಅವರು ಮುಖಗಳಿಂದ ಓದಿಕೊಳ್ಳುತ್ತಾರೆ. ಆ ಮುಖವನ್ನೇ ಮುಚ್ಚಿದರೆ ಅವರ ಕೈಯಲ್ಲಿ ಏನೂ ಉಳಿಯುವುದಿಲ್ಲ. ಮುಚ್ಚಿದ್ದರಿಂದ ಕುತೂಹಲ ಹುಟ್ಟುತ್ತದೆ ಎಂದು ಬರೆದವರೂ ಇದ್ದಾರೆ. ಚಿತ್ರಕಾರರು ಬೇಕೆಂದು ಮರೆಮಾಡಿದ್ದು ಕುತೂಹಲ ಹುಟ್ಟಿಸುತ್ತದೆ ನಿಜ. ಪೆಟ್ಟಿಗೆ ಮರೆಮಾಡಿದ್ದು ಇದೆ ಎಂದೇ ಮಗುವಿಗೆ ಗೊತ್ತಾಗುವುದಿಲ್ಲ. ನಮ್ಮ ಮಕ್ಕಳ ಸಾಹಿತ್ಯ ವಿಮರ್ಶೆ ಕಥೆಯನ್ನು ಪುಟಗಟ್ಟಲೆ ಚರ್ಚಿಸಿ, ಕೊನೆಗೆ "ಚಿತ್ರಗಳು ಅಂದವಾಗಿವೆ" ಎಂದು ಒಂದೇ ಸಾಲಿನಲ್ಲಿ ಮುಗಿಸುವುದು ಬಿಡುವ ತನಕ ಈ ತಪ್ಪು ಯಾರ ಕಣ್ಣಿಗೂ ಬೀಳದು.

ಹಾಗೆಂದು ಅಕ್ಷರ ಚಿತ್ರದ ಮೇಲೆ ಬರಲೇಬಾರದೆಂದಲ್ಲ. ಎಜ್ರಾ ಜಾಕ್ ಕೀಟ್ಸ್ 1962ರಲ್ಲಿ ತಂದ 'ದಿ ಸ್ನೋಯಿ ಡೇ'ಯಲ್ಲಿ ಹಿಮದ ಬಿಳುಪೇ ಅಕ್ಷರಕ್ಕೆ ಜಾಗ ಕೊಡುತ್ತದೆ. ಅಲ್ಲಿ ಖಾಲಿ ಜಾಗ ಚಿತ್ರದ ಒಳಗಿನದು. ನಮ್ಮ ಬೀದರಿನ ಬಿದ್ರಿ ಕುಶಲಕರ್ಮಿಗಳು ಬೆಳ್ಳಿ ಕೂರುವ ಗೆರೆಯನ್ನು ಮೊದಲೇ ಕೆತ್ತಿಟ್ಟು ಆಮೇಲೆ ಬೆಳ್ಳಿ ಬಡಿದು ಕೂರಿಸುತ್ತಾರಲ್ಲ, ಹಾಗೆ ಅಕ್ಷರದ ಜಾಗವೂ ಬಣ್ಣ ಹಚ್ಚುವ ಮೊದಲೇ ಆಗಬೇಕು.

ಕಡು ಬಣ್ಣದ ಚಿತ್ರದ ಮೇಲೆ ಬಿಳಿ ಅಕ್ಷರ ಬಿಡುವುದನ್ನೂ ನಾನು ಒಪ್ಪುವುದಿಲ್ಲ. ನಾಲ್ಕು ಬಣ್ಣದ ಪ್ಲೇಟುಗಳು ಕೂದಲೆಳೆಯಷ್ಟು ಸರಿದರೂ ಒತ್ತಕ್ಷರದ ಸಣ್ಣ ಸುರುಳಿಗಳಲ್ಲಿ ಬಣ್ಣ ತುಂಬಿಕೊಂಡು ಒತ್ತು ಯಾವುದೆಂದು ತಿಳಿಯದು. ಕಪ್ಪು ಅಕ್ಷರಕ್ಕೆ ಈ ಕಾಟವಿಲ್ಲ. ಒಂದೇ ಚಿತ್ರವನ್ನು ಹಲವು ಭಾಷೆಗಳಲ್ಲಿ ಮುದ್ರಿಸುವಾಗ ಕಪ್ಪಿನ ಪ್ಲೇಟು ಒಂದನ್ನೇ ಬದಲಿಸಿದರೆ ಸಾಕು. ನ್ಯಾಷನಲ್ ಬುಕ್ ಟ್ರಸ್ಟ್ 1969ರಲ್ಲಿ ಶುರುಮಾಡಿದ ನೆಹರೂ ಬಾಲ ಪುಸ್ತಕಾಲಯದಂಥ ಬಹುಭಾಷಾ ಮಾಲೆಗೆ ಇದು ದೊಡ್ಡ ಅನುಕೂಲ.

ಅಜ್ಜಿಯ ಪುಟವನ್ನು ಉಳಿಸಲು ಆಗುತ್ತಿರಲಿಲ್ಲವೇ? ಖಂಡಿತ ಆಗುತ್ತಿತ್ತು. ಮೊದಲ ಎರಡು ಸಾಲು ಹೇಳುವುದು ಅಜ್ಜಿ ಮರದ ಕೆಳಗೆ ಕೂತು ಕಾಳು ಹಸನು ಮಾಡುತ್ತಿದ್ದಾಳೆ ಎಂದು. ಅದನ್ನು ಚಿತ್ರ ಆಗಲೇ ಹೇಳಿದೆ. ಅನುವಾದಕರ ಎದುರು ಬರೀ ಮಾತಿನ ಹಾಳೆ ಇಡದೆ ಚಿತ್ರದ ಪುಟ ಇಟ್ಟಿದ್ದರೆ ಅವರೇ ಆ ವಾಕ್ಯ ಬಿಡುತ್ತಿದ್ದರು. ಉಳಿದ ಮೂರು ಸಾಲಿಗೆ 90 ಪಾಯಿಂಟ್, 3.2 ಸೆಂಟಿಮೀಟರ್. ಬಿಟ್ಟಿದ್ದ ಆಕಾಶದಲ್ಲಿ ಇಕ್ಕಟ್ಟಾದರೂ ಹಿಡಿಯುತ್ತದೆ. ಮೂಲ ಲೇಖಕರು ಆ ವಾಕ್ಯ ಬೇಕೇ ಬೇಕೆಂದರೆ ಎಡಪುಟದ ಕೆಳಗೆ ಅಂಗಳದ ಮಣ್ಣು ಅಗಲವಾಗಿ, ತಿಳಿಬಣ್ಣದಲ್ಲಿ ಖಾಲಿ ಬಿದ್ದಿದೆ. ಒಂದು ಸಾಲು ಅಲ್ಲಿ ನಿಲ್ಲುತ್ತದೆ. ಪುಟದಂಚಿನಿಂದ ಒಂದು ಸೆಂಟಿಮೀಟರಾದರೂ ಒಳಗಿರಬೇಕು, ಎತ್ತಿ ಹಿಡಿದವರ ಹೆಬ್ಬೆರಳು ಬರುವುದು ಅಲ್ಲೇ.

ಇದ್ಯಾವುದೂ ಆಗದಿದ್ದರೆ ಬಿಳಿ ಪಟ್ಟಿಗೆ ಹೋಗಬೇಕು. ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದ ಪುಟ ಮಾದರಿಗಳು ಚಿತ್ರಕ್ಕೊಂದು ಪಾಲು, ಮಾತಿಗೊಂದು ಪಾಲು ಹಂಚಿಕೊಡುತ್ತವೆ. ಅದು ಬೇಸರದ ವಿನ್ಯಾಸ ಎಂದು ಮೂಗು ಮುರಿಯುವವರು ಮಾರಿಸ್ ಸೆಂಡಾಕ್ ಅವರ 'ವೇರ್ ದಿ ವೈಲ್ಡ್ ಥಿಂಗ್ಸ್ ಆರ್' (1963) ತೆರೆದು ನೋಡಲಿ. ಅಲ್ಲಿ ಮಾತು ಚಿತ್ರದ ಹೊರಗಿನ ಬಿಳಿಯಲ್ಲಿದೆ. ಚಿತ್ರ ಬೆಳೆಯುತ್ತ ಬೆಳೆಯುತ್ತ, ಕುಣಿತದ ಪುಟಗಳಲ್ಲಿ ಮಾತೇ ಇಲ್ಲವಾಗುತ್ತದೆ. ಅದನ್ನು ಯಾರೂ ಪಠ್ಯಪುಸ್ತಕ ಎನ್ನುವುದಿಲ್ಲ.

ಪ್ರಕಾಶಕರಲ್ಲಿ ನನ್ನದೊಂದೇ ಕೇಳಿಕೆ. ಹೊಸ ಪುಸ್ತಕವಾದರೆ ಚಿತ್ರಕಾರರು ಪೆನ್ಸಿಲಿನಲ್ಲಿ ಬಿಡಿಸುವ ಹಂತದಲ್ಲೇ ಕನ್ನಡದ ಸಾಲುಗಳನ್ನು ಅಚ್ಚಾಗುವ ಗಾತ್ರದಲ್ಲಿ ಹಾಕಿ ಅವರ ಕೈಗೆ ಕೊಡಿ. ಅನುವಾದವಾದರೆ ಪುಟವನ್ನು ಒಮ್ಮೆ ಗೋಡೆಗೆ ಅಂಟಿಸಿ, ಮೂರು ಮೀಟರ್ ಹಿಂದೆ ನಿಂತು ನೋಡಿ. ಯಾವುದಾದರೂ ಮುಖ ಅಲ್ಲಿಂದ ಕಾಣದಿದ್ದರೆ ಆ ಪುಟವನ್ನು ಅಚ್ಚಿಗೆ ಕಳಿಸಬೇಡಿ.