ಅಡವಿಟ್ಟದ್ದು ಫೋನ್‌ಬುಕ್

ಮುಂಗಾರು ಶುರುವಾಗುವ ಹೊತ್ತಿಗೆ ಹಿರೇಕೆರೂರು ಸೀಮೆಯಲ್ಲಿ ಗೋವಿನಜೋಳದ ಬೀಜಕ್ಕೆ, ಗೊಬ್ಬರಕ್ಕೆ ರೊಕ್ಕ ಬೇಕು. ಅದೇ ವಾರ ಮಕ್ಕಳ ಕಾಲೇಜಿನ ಫೀಯೂ ಬಂದಿರುತ್ತದೆ. ಸೊಸೈಟಿಗೆ ಹೋದರೆ ಉತಾರ ಬೇಕು, ಹಳೆ ಬಾಕಿ ಇರಬಾರದು, ಸಹಿಗೆ ಕಾರ್ಯದರ್ಶಿ ಸಿಗಬೇಕು. ಸಾಲ ಕೊಡುವ ಆ್ಯಪ್ ಕೇಳುವುದು ಆಧಾರ್, ಪ್ಯಾನ್ ಮತ್ತು ಒಂದು ಸೆಲ್ಫಿ. ಹತ್ತು ನಿಮಿಷದಲ್ಲಿ ದುಡ್ಡು ಖಾತೆಗೆ ಬೀಳುತ್ತದೆ. ಆ್ಯಪ್ ಗೆಲ್ಲುವುದು ಇಲ್ಲಿಯೇ. ಸಾಲ ತೆಗೆದುಕೊಂಡವರನ್ನು ಬುದ್ಧಿಯಿಲ್ಲದವರು ಎಂದು ಬೈಯುವವರು ಆ ವಾರದ ತುರ್ತನ್ನು ಕಂಡವರಲ್ಲ.

ಅಕ್ರಮ ಆ್ಯಪ್‌ಗಳ ವ್ಯವಹಾರವನ್ನು ಒಂದು ಲೆಕ್ಕ ಹಾಕಿಯೇ ನೋಡಬೇಕು. ಇದು ನಾನು ಮಾಡಿಕೊಂಡ ಲೆಕ್ಕ. ಆದರೆ ವರ್ಷಗಳಿಂದ ದೂರುಗಳಲ್ಲಿ ಕಾಣುವ ಮಾದರಿ ಇದೇ. 5,000 ರೂಪಾಯಿ ಸಾಲ ಮಂಜೂರಾಗುತ್ತದೆ. ‘ಪ್ರೊಸೆಸಿಂಗ್ ಫೀ’, ‘ಸರ್ವಿಸ್ ಚಾರ್ಜ್’ ಎಂದು 2,000 ಮುರಿದುಕೊಂಡು 3,000 ಕೊಡುತ್ತಾರೆ. ಏಳನೆಯ ದಿನ 5,000 ಕಟ್ಟಬೇಕು. ಊರಲ್ಲಿ ತಿಂಗಳಿಗೆ ನೂರಕ್ಕೆ ಐದು ಬಡ್ಡಿ ಹಾಕುವವರನ್ನೇ ರಕ್ತ ಹೀರುವವರು ಅನ್ನುತ್ತೇವೆ. ಇಲ್ಲಿ ಒಂದೇ ವಾರಕ್ಕೆ ನೂರಕ್ಕೆ 66ಕ್ಕಿಂತ ಹೆಚ್ಚಾಯಿತು. ಏಳನೆಯ ದಿನ ಕೈಯಲ್ಲಿ ದುಡ್ಡಿಲ್ಲದಿದ್ದರೆ ಅದೇ ಫೋನಿನಲ್ಲಿ ಇನ್ನೊಂದು ಆ್ಯಪಿನ ಜಾಹೀರಾತು ಬರುತ್ತದೆ. ಅಲ್ಲಿಯೂ ಇದೇ ಮುರಿತ ಇದ್ದರೆ, 5,000 ಕೈಗೆ ಸಿಗಲು 8,333ರ ಸಾಲ ಮಾಡಬೇಕು. ಅದನ್ನು ತೀರಿಸಲು ಮುಂದಿನ ವಾರ 13,889, ಅದರ ಮುಂದಿನ ವಾರ 23,148. ನಾಲ್ಕನೆಯ ವಾರದ ಕೊನೆಗೆ ತಲೆಯ ಮೇಲೆ 23 ಸಾವಿರ ಇರುತ್ತದೆ. ಮನೆಗೆ ನಿಜವಾಗಿ ಬಂದದ್ದು ಮೊದಲಿನ 3,000 ಮಾತ್ರ.

ಇಷ್ಟೊಂದು ಬಡ್ಡಿಯನ್ನು ಹೊಲ, ಬಂಗಾರ ಯಾವುದೂ ಇಲ್ಲದೆ ವಸೂಲು ಮಾಡುವ ಧೈರ್ಯ ಅವರಿಗೆ ಎಲ್ಲಿಂದ ಬಂತು? ಆ್ಯಪ್ ಹಾಕಿಕೊಳ್ಳುವಾಗ ‘ಕಾಂಟ್ಯಾಕ್ಟ್ಸ್’, ‘ಫೋಟೋಸ್’ ಎಂದು ಬರುವ ಪರದೆಗಳಲ್ಲಿ ಒತ್ತಿದ Allowನಿಂದ. ಆ ಕ್ಷಣದಲ್ಲಿ ಸೋದರಮಾವನ ನಂಬರು, ಸ್ವಸಹಾಯ ಸಂಘದ ಅಕ್ಕನ ನಂಬರು, ಗೊಬ್ಬರದ ಅಂಗಡಿಯವರದು, ಮಗಳಿಗೆ ನೋಡಿದ ವರನ ಮನೆಯವರದು, ಎಲ್ಲವೂ ಬೇರೆಲ್ಲೋ ಇರುವ ಸರ್ವರ್‌ಗೆ ಹೋಗಿರುತ್ತವೆ. ಅಡವಿಟ್ಟದ್ದು ಅದು. ವಾಯಿದೆ ಮುಗಿಯುವ ಮೊದಲೇ ಫೋನು ಶುರುವಾಗುತ್ತದೆ. ಆಮೇಲೆ ಸೋದರಮಾವನ ವಾಟ್ಸ್ಆ್ಯಪ್‌ಗೆ ಸಾಲಗಾರನ ಸೆಲ್ಫಿ, ಮೇಲೆ ‘ಕಳ್ಳ’ ಎಂಬ ಬರಹ, ಜೊತೆಗೆ ‘ನೀವೇ ಇವನಿಗೆ ಜಾಮೀನು’ ಎಂಬ ಸುಳ್ಳು. ಹೆಣ್ಣುಮಕ್ಕಳಾದರೆ ಅವರ ಮುಖವನ್ನು ಬೆತ್ತಲೆ ಚಿತ್ರಕ್ಕೆ ಅಂಟಿಸುತ್ತಾರೆ. ಇಂಥ ಕಿರುಕುಳದಿಂದಲೇ 2023ರ ಜುಲೈನಲ್ಲಿ ಬೆಂಗಳೂರಿನ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿ ಜೀವ ಕಳೆದುಕೊಂಡ. ಸಣ್ಣ ಊರಲ್ಲಿ ಈ ಆಯುಧ ಇನ್ನೂ ಹರಿತ. ನಲವತ್ತು ಜನರಿಗೆ ಸಂದೇಶ ಹೋದರೆ ಸಂಜೆಯೊಳಗೆ ಬಸ್‌ಸ್ಟ್ಯಾಂಡಿನವರೆಗೆ ಸುದ್ದಿ ಮುಟ್ಟಿರುತ್ತದೆ.

ಹಾಗಾಗಿ ಅಕ್ರಮ ಆ್ಯಪನ್ನು ಗುರುತಿಸಲು ಬಡ್ಡಿ ನೋಡುವ ಮೊದಲು ಅದು ಕೇಳುವ ಅನುಮತಿ ನೋಡಬೇಕು. ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ ತಂದ ನಿಯಮದ ಪ್ರಕಾರ ಸಾಲದ ಆ್ಯಪ್ ಫೋನ್‌ಬುಕ್ಕನ್ನಾಗಲಿ, ಫೋಟೋಗಳನ್ನಾಗಲಿ, ಕರೆಗಳ ಪಟ್ಟಿಯನ್ನಾಗಲಿ ಮುಟ್ಟುವಂತಿಲ್ಲ. ಗುರುತು ಪರಿಶೀಲನೆಗೆ ಕ್ಯಾಮೆರಾ, ಲೊಕೇಶನ್ ಕೇಳಬಹುದು, ಅದೂ ಒಂದು ಸಲ. 2023ರ ಮೇ 31ರಿಂದ ಪ್ಲೇ ಸ್ಟೋರಿನ ನಿಯಮವೂ ಫೋನ್‌ಬುಕ್, ಫೋಟೋಗಳ ಬಗ್ಗೆ ಇದನ್ನೇ ಹೇಳುತ್ತದೆ. ಅದಕ್ಕೇ ಈಗ ಲಿಂಕು ವಾಟ್ಸ್ಆ್ಯಪ್‌ನಲ್ಲಿ, ಎಪಿಕೆ ಫೈಲಾಗಿ ಬರುತ್ತದೆ. ಕಾಂಟ್ಯಾಕ್ಟ್ಸ್ ಕೇಳಿದ ಆ್ಯಪ್ ಅಲ್ಲಿಗೇ ಸಿಕ್ಕಿಬಿತ್ತು. ಮುಂದೆ ಓದಬೇಕಾಗಿಯೇ ಇಲ್ಲ. ಎರಡನೆಯ ಗುರುತು ದುಡ್ಡಿನ ದಾರಿ. ನಿಯಮದ ಸಾಲ ಬ್ಯಾಂಕ್ ಅಥವಾ ಎನ್‌ಬಿಎಫ್‌ಸಿಯ ಖಾತೆಯಿಂದ ನೇರ ನಿಮ್ಮ ಖಾತೆಗೆ ಬರಬೇಕು, ಅಲ್ಲಿಗೇ ವಾಪಸ್ ಹೋಗಬೇಕು. ವಾರ್ಷಿಕ ದರ ಬರೆದ ಒಂದು ವಿವರ ಪತ್ರವನ್ನು ಸಹಿಗೆ ಮೊದಲೇ ಕೊಡಬೇಕು. ಕಟ್ಟಲು ಹೋದಾಗಲೆಲ್ಲ ಹೊಸ ಯುಪಿಐ ಐಡಿ ಕೊಡುತ್ತಿದ್ದರೆ ಅದು ಸಾಲದ ಕಂಪನಿಯೇ ಅಲ್ಲ.

2025ರ ಜುಲೈನಿಂದ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿ ಬ್ಯಾಂಕ್, ಎನ್‌ಬಿಎಫ್‌ಸಿಗಳ ಸಾಲದ ಆ್ಯಪ್‌ಗಳ ಪಟ್ಟಿಯೇ ಇದೆ. ಒಳ್ಳೆಯ ಕೆಲಸ, ಬಹಳ ತಡವಾಗಿ ಆದದ್ದು. ಆದರೆ ಆ ಸಂಸ್ಥೆಗಳು ಕೊಟ್ಟ ಹೆಸರನ್ನು ಪರಿಶೀಲಿಸದೆ ಹಾಗೇ ಹಾಕಿದ್ದೇವೆ ಎಂದು ರಿಸರ್ವ್ ಬ್ಯಾಂಕೇ ಹೇಳಿಕೊಂಡಿದೆ. ಅಸಲಿ ಹೆಸರಿಗೆ ಒಂದು ಅಕ್ಷರ ಕೂಡಿಸಿ ನಕಲಿ ಮಾಡುವವರಿರುವಾಗ, ಪಟ್ಟಿಯಲ್ಲಿ ಹೆಸರು ಕಂಡಿತೆಂದು ನಂಬಿಬಿಡಲಾಗದು. ಪಟ್ಟಿಯಲ್ಲಿ ಇಲ್ಲದ್ದನ್ನು ಮಾತ್ರ ಧೈರ್ಯವಾಗಿ ಬಿಡಬಹುದು.

ಕಾನೂನಿನ ಕಡೆ ನೋಡಿದರೆ ನಮ್ಮ ಜಿಲ್ಲೆಗೆ ಒಂದು ಪಾಲಿದೆ. 2025ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ಮೈಕ್ರೋಫೈನಾನ್ಸ್ ಕಿರುಕುಳದ ವಿರುದ್ಧ ತಮ್ಮ ತಾಳಿಯನ್ನೇ ಮುಖ್ಯಮಂತ್ರಿಗೆ ಅಂಚೆಯಲ್ಲಿ ಕಳಿಸಿದರು. ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂತು: ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಆಮೇಲೆ ಅದು ಕಾಯ್ದೆಯಾಯಿತು. ಆ ಹೆಣ್ಣುಮಕ್ಕಳು ಗೆದ್ದದ್ದು ದೊಡ್ಡದು. ಆದರೆ ಆ ಕಾಯ್ದೆಯ ಕಣ್ಣ ಮುಂದೆ ಇದ್ದವನು ಮನೆಬಾಗಿಲಿಗೆ ಬೈಕಿನಲ್ಲಿ ಬರುವ ಏಜೆಂಟ. ಅವನ ಮುಖ ಗೊತ್ತು, ಆಫೀಸು ಗೊತ್ತು. ಆ್ಯಪಿನವನಿಗೆ ಆಫೀಸಿಲ್ಲ, ಸಿಮ್ ಬೇರೆಯವರದು, ಖಾತೆ ಬಾಡಿಗೆಯದು. ಕಾಯ್ದೆಯ ಕೈ ಅಲ್ಲಿಗೆ ಮುಟ್ಟಬೇಕಾದರೆ ಸಾಲಗಾರನೇ ದಾರಿ ತೋರಿಸುವ ಪುರಾವೆ ಕೊಡಬೇಕು.

ಆ ಪುರಾವೆಯನ್ನೇ ಜನ ಗಾಬರಿಯಲ್ಲಿ ಅಳಿಸಿಬಿಡುತ್ತಾರೆ. ಆ್ಯಪ್ ತೆಗೆದುಹಾಕಿದರೆ ಹೋದ ನಂಬರುಗಳು ವಾಪಸ್ ಬರುವುದಿಲ್ಲ, ಸಾಕ್ಷಿ ಮಾತ್ರ ಹೋಗುತ್ತದೆ. ಮೊದಲು ಆ್ಯಪಿನ ಹೆಸರು, ಸಾಲದ ಪುಟ, ಬೆದರಿಕೆಯ ಸಂದೇಶ, ಕರೆ ಬಂದ ನಂಬರು, ಎಲ್ಲದರ ಸ್ಕ್ರೀನ್‌ಶಾಟ್ ತೆಗೆದು ಇನ್ನೊಂದು ಫೋನಿಗೆ ಕಳಿಸಬೇಕು. ಪಾಸ್‌ಬುಕ್ಕಿನಲ್ಲಿ ದುಡ್ಡು ಯಾವ ಹೆಸರಿನಿಂದ ಬಂತು, ಯಾವ ಯುಪಿಐಗೆ ಹೋಯಿತು, ಆ ವಹಿವಾಟಿನ ಯುಟಿಆರ್ ನಂಬರು ಎಷ್ಟು ಎಂದು ಬರೆದಿಟ್ಟುಕೊಳ್ಳಬೇಕು. ಅನುಮತಿ ಕಿತ್ತು ಆ್ಯಪ್ ತೆಗೆಯುವುದು ಆಮೇಲಿನ ಮಾತು. ಅದೇ ದಿನ ಫೋನಿನಲ್ಲಿರುವವರಿಗೆ ‘ನನ್ನ ಹೆಸರಲ್ಲಿ ಕೆಟ್ಟ ಸಂದೇಶ ಬರಬಹುದು, ಪೊಲೀಸರಿಗೆ ದೂರು ಕೊಡ್ತಿದ್ದೀನಿ, ಯಾರೂ ದುಡ್ಡು ಹಾಕಬೇಡಿ’ ಎಂದು ತಾವೇ ತಿಳಿಸಿದರೆ ಬೆದರಿಸುವವನ ಅರ್ಧ ಬಲ ಹೋಗುತ್ತದೆ. ಫೋಟೋ ಹರಡುತ್ತೇವೆ ಎಂದಾಗ ಬಾಯಿಮುಚ್ಚಿಸಲು ದುಡ್ಡು ಕಟ್ಟಿದವರಿಗೆ ಮತ್ತೆ ಅದೇ ಬೆದರಿಕೆ ಬರುತ್ತದೆ, ಯಾಕೆಂದರೆ ಇವರು ಕಟ್ಟುವವರು ಎಂದು ಅವರಿಗೆ ಗೊತ್ತಾಗಿರುತ್ತದೆ.

ದೂರಿನ ಬಾಗಿಲುಗಳು ಇವೆ, ನನ್ನ ತಕರಾರು ಅವು ಹರಿದು ಹಂಚಿಹೋಗಿರುವುದರ ಬಗ್ಗೆ. ದುಡ್ಡು ಹೋಗಿದ್ದರೆ ಕೂಡಲೇ 1930ಕ್ಕೆ ಫೋನು. ಬೆದರಿಕೆ, ತಿರುಚಿದ ಚಿತ್ರಗಳಿಗೆ cybercrime.gov.in. ಪರವಾನಗಿಯೇ ಇಲ್ಲದ ಆ್ಯಪ್ ಬಗ್ಗೆ ರಿಸರ್ವ್ ಬ್ಯಾಂಕಿನ sachet.rbi.org.in. ನೋಂದಾಯಿತ ಕಂಪನಿಯ ಏಜೆಂಟರೇ ಹೀಗೆ ಮಾಡಿದ್ದರೆ ಮೊದಲು ಆ ಕಂಪನಿಗೆ ಲಿಖಿತ ದೂರು. 30 ದಿನದಲ್ಲಿ ಪರಿಹಾರ ಸಿಗದಿದ್ದರೆ cms.rbi.org.in. ಅಂಥ ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನು ಮಾಡುವುದೇ ತಪ್ಪು. ಬೆದರಿಕೆಯಲ್ಲಿ ನಡುಗುತ್ತಿರುವವರು ಇವುಗಳಲ್ಲಿ ಯಾವುದು ತಮ್ಮದು ಎಂದು ಹೇಗೆ ಆರಿಸಬೇಕು? ಆನ್‌ಲೈನ್ ದೂರು ಕೊಟ್ಟವರಿಗೆ ಸ್ವೀಕೃತಿ ನಂಬರು ಸಿಗುತ್ತದೆ, ಅದರಿಂದ ಅಂದು ಸಂಜೆಯ ಕರೆ ನಿಲ್ಲುವುದಿಲ್ಲ.

ಆದ್ದರಿಂದ ಆ ಸ್ವೀಕೃತಿಯ ಪ್ರಿಂಟು ಹಿಡಿದು ಠಾಣೆಗೇ ಹೋಗಬೇಕು. ಹಾವೇರಿಯಲ್ಲಿ ಸೈಬರ್ ಅಪರಾಧಕ್ಕೆ ಪ್ರತ್ಯೇಕ ಠಾಣೆಯಿದೆ. ಆದರೆ ಸುಲಿಗೆ, ಬೆದರಿಕೆಯ ದೂರನ್ನು ಹಿರೇಕೆರೂರು ಠಾಣೆಯೂ ತೆಗೆದುಕೊಳ್ಳಬೇಕು. ವ್ಯಾಪ್ತಿ ನಮ್ಮದಲ್ಲ ಎಂದು ವಾಪಸ್ ಕಳಿಸುವಂತಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಎಲ್ಲಿ ನಡೆದ ಅಪರಾಧವಾದರೂ ದೂರು ಬರೆದುಕೊಳ್ಳಲು ಹೇಳುತ್ತದೆ. ಎಫ್‌ಐಆರ್ ಪ್ರತಿ ಉಚಿತವಾಗಿ ಸಿಗಬೇಕು. ಅದನ್ನು ಕೇಳಿ ತೆಗೆದುಕೊಂಡೇ ಬನ್ನಿ. ಮನೆಯಲ್ಲಿ ಯಾರಾದರೂ ಮಾತು ಬಿಟ್ಟು ಕೂತಿದ್ದರೆ ಠಾಣೆಗಿಂತ ಮೊದಲು ಟೆಲಿ ಮಾನಸ್‌ನ 14416ಕ್ಕೆ ಫೋನು ಹಚ್ಚಿ, ಅಲ್ಲಿ ಕನ್ನಡದಲ್ಲಿ ಮಾತಾಡುವವರಿದ್ದಾರೆ.