ಚಿಗಟ ಕಾಣದ ನಾಯಿಗೆ ಚಿಗಟದ ರೋಗ

ಬೂದಿಗೆರೆಯ ಕಡೆಯ ಹಳೆಯ ಮನೆಗಳಲ್ಲಿ, ಕೊಟ್ಟಿಗೆಯೂ ಹಜಾರವೂ ಒಂದೇ ಅಂಗಳವನ್ನು ಹಂಚಿಕೊಂಡಿರುವೆಡೆ, ನಾಯಿಮರಿಗೆ ಚಿಗಟ ಹತ್ತುವುದು ಯಾರಿಗೂ ಸುದ್ದಿಯಲ್ಲ. ಕಳೆದ ಮಳೆಗಾಲದಲ್ಲಿ ಪರಿಚಿತರೊಬ್ಬರ ಮನೆಗೆ ಹೋಗಿದ್ದಾಗ ಗೃಹಿಣಿಯು ಹೇಳಿದ ಮಾತು ಮಾತ್ರ ವಿಚಾರಾರ್ಹವಾಗಿತ್ತು: "ಮರಿ ಮೈಮೇಲೆ ರಾಶಿ ಚಿಗಟ ಇದೆ ಸ್ವಾಮಿ, ಅದು ಸುಮ್ಮನೆ ಬಿದ್ದಿರುತ್ತೆ. ಒಂದೂ ಕಾಣದ ಈ ದೊಡ್ಡ ನಾಯಿ ನೋಡಿ, ರಾತ್ರಿಯೆಲ್ಲಾ ಕೆರ್ಕೊಳ್ಳುತ್ತೆ."

ಮರಿಗೆ ಒಂದೂವರೆ ತಿಂಗಳು. ದೊಡ್ಡ ನಾಯಿಗೆ ನಾಲ್ಕು ವರ್ಷ. ಅದರ ಬಾಲದ ಬುಡದಿಂದ ಸೊಂಟದವರೆಗೆ ಕೂದಲುದುರಿ, ಚರ್ಮವು ಕೆಂಪೇರಿ, ಅಲ್ಲಲ್ಲಿ ಹಕ್ಕಳೆಗಟ್ಟಿತ್ತು. ಗೃಹಿಣಿ ಇದನ್ನು ಕಜ್ಜಿಯೆಂದು ಭಾವಿಸಿದ್ದರು. ಹೇನು ತೆಗೆಯುವ ಸೀರಣಿಗೆಯಿಂದ ಆ ಭಾಗವನ್ನು ಬಾಚಿ, ಉದುರಿದ ಕರಿಯ ಕಣಗಳನ್ನು ಒದ್ದೆಯಾದ ಬಿಳಿಯ ಬಟ್ಟೆಯ ಮೇಲೆ ತಟ್ಟಿದೆವು. ಕೆಲವೇ ಕ್ಷಣಗಳಲ್ಲಿ ಪ್ರತಿ ಕಣದ ಸುತ್ತಲೂ ತುಕ್ಕಿನ ಕೆಂಪು ಹರಡಿತು. ಮಣ್ಣಾಗಿದ್ದರೆ ಹಾಗೆ ಹರಡದು. ಅದು ಚಿಗಟದ ಹಿಕ್ಕೆ, ಅರ್ಥಾತ್ ನಾಯಿಯ ಜೀರ್ಣಗೊಂಡ ರಕ್ತ.

ಚಿಗಟದ ಲಾಲಾರಸವು ಒಗ್ಗದ ನಾಯಿಗೆ ನಾಲ್ಕಾರು ಕಡಿತಗಳೇ ಸಾಕು. ಒಂದೆರಡು ವಾರ ನವೆಯು ನಿಲ್ಲದು. ಅಂತಹ ನಾಯಿಯು ಹಗಲಿರುಳೂ ನೆಕ್ಕಿ, ಹಲ್ಲಿನಿಂದ ಕಡಿದು, ಮೈಮೇಲಿನ ಚಿಗಟಗಳನ್ನೆಲ್ಲ ನುಂಗಿಬಿಡುವುದರಿಂದಲೇ ನಮ್ಮ ಕಣ್ಣಿಗೆ ಒಂದೂ ಬೀಳುವುದಿಲ್ಲ. ಈ ಅಲರ್ಜಿಯು ಆರು ತಿಂಗಳೊಳಗಿನ ಮರಿಗಳಲ್ಲಿ ವಿರಳ. ಆದರೆ ಸುಮ್ಮನೆ ಬಿದ್ದಿದ್ದ ಆ ಮರಿಯ ಸ್ಥಿತಿಯೇ ಹೆಚ್ಚು ಕಳವಳಕಾರಿಯಾಗಿತ್ತು. ತುಟಿಯನ್ನೆತ್ತಿ ನೋಡಿದರೆ ಒಸಡು ಗುಲಾಬಿಯಾಗಿರದೆ ಬಿಳಿಚಿಕೊಂಡಿತ್ತು. ಅಷ್ಟು ಪುಟ್ಟ ದೇಹದಿಂದ ದಿನವೂ ರಕ್ತ ಸೋರಿದರೆ ಅದು ಸಾಯಲೂಬಹುದು. ಒಸಡು ಬಿಳುಪಾದ ಮರಿಯನ್ನು ಅಂದೇ ಪಶುವೈದ್ಯರಲ್ಲಿಗೆ ಒಯ್ಯತಕ್ಕದ್ದು, ಹಾಗೆಯೇ ಒಯ್ದರು.

ವೈದ್ಯರು ಮರಿಯನ್ನು ಸೀರಣಿಗೆಯಿಂದ ಬಾಚಿ, ಸಿಕ್ಕ ಚಿಗಟಗಳನ್ನು ಸೋಪಿನ ನೀರಿಗೆ ಹಾಕಿಸಿ, ಆ ಎಳೆಯ ವಯಸ್ಸಿಗೂ ಸಲ್ಲುವ ಫಿಪ್ರೊನಿಲ್ ಸ್ಪ್ರೇಯನ್ನು ತೂಕಕ್ಕೆ ತಕ್ಕಂತೆ ಹೊಡೆದರು. ಈಗ ಪ್ರಚಾರದಲ್ಲಿರುವ ಅಫಾಕ್ಸೊಲಾನರ್, ಫ್ಲುರಲಾನರ್ ಮಾತ್ರೆಗಳನ್ನು ಎಂಟು ವಾರ ತುಂಬಿ, ಸುಮಾರು 2 ಕೆ.ಜಿ. ತೂಗುವವರೆಗೆ ಕೊಡುವಂತಿಲ್ಲ. ದೊಡ್ಡ ನಾಯಿಗೆ ಅಂತಹ ಒಂದು ಮಾತ್ರೆಯನ್ನೂ, ನವೆ ಇಳಿಯಲು ಕೆಲವು ದಿನದ ಔಷಧಿಯನ್ನೂ ಬರೆದರು. ಹಿಂದೆಂದಾದರೂ ಫಿಟ್ಸ್ ಬಂದ ನಾಯಿಯಾದರೆ ಈ ಮಾತ್ರೆಗೆ ಮೊದಲು ಅದನ್ನು ತಿಳಿಸಲೇಬೇಕು.

ಇಷ್ಟಕ್ಕೇ ಬಿಟ್ಟಿದ್ದರೆ ತಿಂಗಳೊಳಗೆ ಎಲ್ಲವೂ ಮೊದಲಿನಂತಾಗುತ್ತಿತ್ತು. ಏಕೆಂದರೆ ನಾಯಿಯ ಮೈಮೇಲೆ ಕಾಣುವ ಚಿಗಟಗಳು ಒಟ್ಟು ಸಂತತಿಯ ಅಲ್ಪಾಂಶ ಮಾತ್ರ. ಹೆಣ್ಣು ಚಿಗಟವು ದಿನಕ್ಕೆ 40ರಷ್ಟು ಇಡುವ ಮೊಟ್ಟೆಗಳು ಕೂದಲಿಗಂಟದೆ ಜಾರಿ, ಮರಿ ಮಲಗುವ ಗೋಣಿಚೀಲದ ಮೇಲೆಯೂ ಹಾಸುಗಲ್ಲಿನ ಸಂದಿನಲ್ಲಿಯೂ ಉದುರುತ್ತವೆ. ಅಲ್ಲಿ ಹುಟ್ಟಿದ ಹುಳುವು, ಮೇಲಿನಿಂದುದುರಿದ ಆ ರಕ್ತದ ಹಿಕ್ಕೆಯನ್ನೇ ತಿಂದು ಬೆಳೆದು, ಧೂಳಂಟಿದ ಗೂಡನ್ನು ಕಟ್ಟಿ ಒಳಗೆ ಕೂರುತ್ತದೆ. ಆ ಗೂಡನ್ನು ಯಾವ ಔಷಧಿಯೂ ಭೇದಿಸದು. ಹೆಜ್ಜೆಯ ಅದುರು, ಉಸಿರಿನ ಬಿಸಿ ತಾಕುವವರೆಗೆ ತಿಂಗಳುಗಟ್ಟಲೆ ಒಳಗಿನ ಚಿಗಟವು ಕಾಯಬಲ್ಲದು. ಬೀಗ ಹಾಕಿದ್ದ ಮನೆಯನ್ನು ತೆರೆದೊಡನೆ ಕಾಲಿಗೆ ಚಿಗಟ ಮುತ್ತುವ ರಹಸ್ಯ ಇದೇ.

ಆದುದರಿಂದ ಮನೆಯವರು ಗೋಣಿಚೀಲವನ್ನು ಸುಟ್ಟರು. ಹಾಸಿದ ಬಟ್ಟೆಗಳನ್ನು ವಾರಕ್ಕೊಮ್ಮೆ ಕುದಿನೀರಿನಲ್ಲಿ ಅದ್ದಿ ಬಿಸಿಲಿಗೆ ಹರವಿದರು. ಮೂಲೆ, ಸಂದು, ಮಂಚದಡಿಗಳನ್ನು ದಿನವೂ ಗುಡಿಸಿ ಕಸವನ್ನು ಕೂಡಲೇ ಹೊರಗೊಯ್ದರು. ನೆರಳೂ ತೇವವೂ ಇಲ್ಲದೆ ಆ ಹುಳು ಬದುಕದಾದ್ದರಿಂದ ಬಿಸಿಲು ಬೀಳುವ ಅಂಗಳಕ್ಕೆ ಔಷಧಿ ಹೊಡೆಯುವುದು ವ್ಯರ್ಥ. ಗೂಡಿನೊಳಗಿದ್ದವು ಒಂದೊಂದಾಗಿ ಹೊರಬಂದು, ಔಷಧಿ ಸೋಂಕಿದ ನಾಯಿಗಳನ್ನು ಕಚ್ಚಿ ಸಾಯಬೇಕು. ಅದಕ್ಕಾಗಿ ಎರಡೂ ನಾಯಿಗಳಿಗೂ, ಮನೆಯ ಬೆಕ್ಕಿಗೂ, ಕನಿಷ್ಠ ಮೂರು ತಿಂಗಳು ಚಿಕಿತ್ಸೆಯನ್ನು ನಿಲ್ಲಿಸಬಾರದು. ಮೂರನೆಯ ವಾರದಲ್ಲಿ ಹೊಸ ಚಿಗಟ ಕಂಡಾಗ ಔಷಧಿ ಸೋತಿತೆಂದು ಕೈಬಿಡುವವರೇ ಬಹುಮಂದಿ.

ಕೊಟ್ಟಿಗೆಯಿರುವ ಮನೆಗಳವರಲ್ಲಿ ನನ್ನದೊಂದು ವಿಜ್ಞಾಪನೆ. ಹಸುವಿನ ಉಣ್ಣೆಗೆ ತಂದ ದ್ರವವನ್ನು ಕಣ್ಣಳತೆಯಲ್ಲಿ ನೀರಿಗೆ ಬೆರೆಸಿ ಮರಿಯ ಮೈಗೆ ಸುರಿಯಬೇಡಿ. ಮರಿಯು ಅದನ್ನು ನೆಕ್ಕಿ, ಜೊಲ್ಲು ಸುರಿಸಿ, ನಡುಗಿ ಸತ್ತೀತು. ಸೀಮೆಎಣ್ಣೆ ಚರ್ಮವನ್ನು ಸುಡುತ್ತದೆ, ಕರ್ಪೂರ ವಿಷವಾಗುತ್ತದೆ. ನಾಯಿಗೆಂದೇ ಮಾರುವ ಔಷಧಿಯ ಚೀಟಿಯಲ್ಲಿ ಪರ್ಮೆಥ್ರಿನ್ ಎಂದಿದ್ದರೆ ಅದರ ಒಂದು ತೊಟ್ಟೂ ಬೆಕ್ಕಿಗೆ ಸೋಕದಿರಲಿ. ಬೆಕ್ಕಿಗೆ ಅದು ಪ್ರಾಣಾಂತಕ.